ಹೀಮ್ ತಯಾರಾಗುವ ದಾರಿಯಲ್ಲಿ ಒಂದು ಎನ್‌ಝೈಮ್ ಅರ್ಧ ಆದ್ರೆ ಹೊಟ್ಟೆನೋವು ಯಾಕೆ ಬರುತ್ತೆ?

ನಾಪೋಕ್ಲು ತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗಳಿಗೆ ಅಕ್ಯೂಟ್ ಇಂಟರ್ಮಿಟೆಂಟ್ ಪೋರ್ಫೈರಿಯಾ ಅಂತ ಗೊತ್ತಾಗಿದೆ. ವಯಸ್ಸು 24. ಡಾಕ್ಟರು ವಿವರಿಸಿದರು, ಆದರೆ ಆ ಗಾಬರಿಯಲ್ಲಿ ನಮಗೆ ಅರ್ಧ ತಲೆಗೆ ಹೋಗಲಿಲ್ಲ. ಗೊತ್ತಿರುವವರು ನಿಧಾನವಾಗಿ ಹೇಳಿಕೊಟ್ಟರೆ ಉಪಕಾರವಾಗುತ್ತದೆ.

ನಡೆದದ್ದು ಹೀಗೆ. ಮನೆಯಲ್ಲಿ ಮದುವೆ ಇತ್ತು. ತೂಕ ಇಳಿಸಬೇಕು ಅಂತ ಹುಡುಗಿ ಅನ್ನ ಬಿಟ್ಟಳು, ರಾತ್ರಿ ಊಟವನ್ನೂ ಬಿಟ್ಟಳು. ಮುಟ್ಟಿಗೆ ಎರಡು ದಿನ ಮೊದಲು ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡೆವು. ಮಾರನೇ ದಿನ ವಾಂತಿ, ಮಲಬದ್ಧತೆ. ನೋವಿಗೆ ಕಿರುಚುತ್ತಿದ್ದಳು, ಆದರೆ ಡಾಕ್ಟರು ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿತ್ತು. ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ. ನಾಡಿ 118, ಬಿಪಿ 160/100, ಸೋಡಿಯಂ 121. ಮೂರನೇ ರಾತ್ರಿ ಫಿಟ್ಸ್ ಬಂತು. ಫೆನಿಟೊಯಿನ್ ಹಾಕಿದರು. ಆಮೇಲೆ ಇಳಿಯುವ ಬದಲು ಎಲ್ಲವೂ ಜಾಸ್ತಿ ಆಯಿತು. ಕೈ ಎತ್ತಲು ಆಗಲಿಲ್ಲ, ಮಾತು ತಪ್ಪುತ್ತಿತ್ತು.

ಮೈಸೂರಿಗೆ ಕರೆದುಕೊಂಡು ಹೋದೆವು. ಕಿಟಕಿ ಪಕ್ಕ ನೇತು ಹಾಕಿದ್ದ ಮೂತ್ರದ ಚೀಲ ಕಂದುಗೆಂಪಾಗಿದ್ದನ್ನು ಅಲ್ಲಿನ ಡಾಕ್ಟರು ನೋಡಿದರು. ಮೂತ್ರದಲ್ಲಿ ಪಿಬಿಜಿ ಅನ್ನೋ ವಸ್ತು ಎಷ್ಟಿದೆ ಅಂತ ನೋಡುವ ಪರೀಕ್ಷೆ ಬರೆದರು, ಫೆನಿಟೊಯಿನ್ ನಿಲ್ಲಿಸಿ ಬೇರೆ ಔಷಧಿ ಕೊಟ್ಟರು, ಗ್ಲೂಕೋಸ್ ಹಾಕಿದರು. ಹೀಮಿನ್ ಅನ್ನೋ ಇಂಜೆಕ್ಷನ್ ತರಿಸಲು ಓಡಾಡಬೇಕಾಯಿತು. ಸಿಕ್ಕ ಮೇಲೆ ನಾಲ್ಕು ದಿನ ಕೊಟ್ಟರು. ಈಗ ಗೋಡೆ ಹಿಡಿದು ನಡೆಯುತ್ತಾಳೆ.

ಮೂರು ವರ್ಷದ ಹಿಂದೆ ಇದೇ ತರಹದ ನೋವಿಗೆ ಒಂದು ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆದಿದ್ದರು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಹೀಮ್ ಅಂದರೆ ರಕ್ತದ್ದು ಅಲ್ವಾ? ಇವಳ ಹಿಮೋಗ್ಲೋಬಿನ್ 12.8, ಸರಿಯಾಗೇ ಇದೆ. ಎನ್‌ಝೈಮ್ ಅರ್ಧ ಇದೆ ಅನ್ನುತ್ತಾರೆ. ನಮ್ಮ ಅಣ್ಣನಿಗೂ ಅದೇ ಅರ್ಧ ಇದೆಯಂತೆ. ಅವನಿಗೆ 56, ಒಂದು ದಿನವೂ ಹೀಗೆ ಮಲಗಿದವನಲ್ಲ. ಇದು ಹೇಗೆ?

ಗೋಣಿಕೊಪ್ಪ ರೈಡರ್

ಅಣ್ಣ, ಓದಿ ಬೇಜಾರಾಯಿತು. ಬೇಗ ಹುಷಾರಾಗಲಿ. ನಾನೊಂದು ಕೇಳಬೇಕಿತ್ತು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ ಮಾರನೇ ದಿನ ನನಗೂ ಕೆಂಪಗೆ ಹೋಗುತ್ತೆ. ಪ್ರತಿ ವರ್ಷವೂ. ಹಾಗಾದರೆ ನಾನೂ ಈ ಪಿಬಿಜಿ ಮಾಡಿಸಬೇಕಾ? ನನಗೆ ಆಗಾಗ ಗ್ಯಾಸ್ಟ್ರಿಕ್ ಕೂಡ ಇದೆ.

ಲ್ಯಾಬ್ ಅಕ್ಕ

ಬೇಡ ತಮ್ಮ. ಅದು ಸೊಪ್ಪಿನ ಬಣ್ಣ. ಆಗಸ್ಟ್ ಮೊದಲ ವಾರ ನಮ್ಮ ಲ್ಯಾಬಿಗೆ ಕೆಂಪು ಸ್ಯಾಂಪಲ್ ಬಂದರೆ ನಾನು ಮೊದಲು ಕೇಳೋದೇ ಮದ್ದುಸೊಪ್ಪು ತಿಂದಿರಾ ಅಂತ. ಸೊಪ್ಪಿನ ಬಣ್ಣ ಹೋಗುವಾಗಲೇ ಕಾಣುತ್ತೆ, ತಿನ್ನೋದು ನಿಂತ ಮೇಲೆ ತಾನೇ ಹೋಗುತ್ತೆ.

ಪೋರ್ಫೈರಿಯಾದ ಈ ಬಗೆಯಲ್ಲಿ ಹಾಗಲ್ಲ. ತಾಜಾ ಮೂತ್ರ ಎಷ್ಟೋ ಸಲ ಮಾಮೂಲಿ ಹಳದಿಯೇ ಇರುತ್ತೆ. ಪಿಬಿಜಿಗೆ ಬಣ್ಣವೇ ಇಲ್ಲ. ಬೆಳಕಿನಲ್ಲಿ ಇಟ್ಟರೆ ಕೆಲವು ಗಂಟೆಗಳಲ್ಲಿ ಅದೇ ಒಂದಕ್ಕೊಂದು ಸೇರಿಕೊಂಡು ಕೆಂಪು, ಆಮೇಲೆ ಕಂದು ಆಗುತ್ತೆ. ಆ ಡಾಕ್ಟರು ಕಿಟಕಿ ಪಕ್ಕದ ಚೀಲ ಗಮನಿಸಿದ್ದು ದೊಡ್ಡದು. ಅದೇ ಚೀಲ ಮಂಚದ ಕೆಳಗೆ ಕತ್ತಲಲ್ಲಿದ್ದಿದ್ದರೆ ಅಷ್ಟು ಬಣ್ಣ ಬರುತ್ತಿರಲಿಲ್ಲ.

ಇನ್ನೊಂದು ವಿಷಯ. ಪರೀಕ್ಷೆಗೆ ಕಳಿಸುವಾಗ ಇದಕ್ಕೆ ಉಲ್ಟಾ ಮಾಡಬೇಕು. ಬಾಟಲಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ತಂಪಾಗಿಟ್ಟು ಕಳಿಸಬೇಕು. ಬೆಳಕಿನಲ್ಲಿ ಪಿಬಿಜಿ ಕರಗಿ ಹೋದರೆ ವರದಿಯಲ್ಲಿ ಕಡಿಮೆ ಬರುತ್ತೆ. ಒಂದು ಸಲದ ಮೂತ್ರ ಸಾಕು, ಜೊತೆಗೆ ಕ್ರಿಯಾಟಿನಿನ್ ನೋಡಿ ಲೆಕ್ಕ ಹಾಕುತ್ತಾರೆ. 24 ಗಂಟೆ ಕೂಡಿಡುತ್ತಾ ಕೂತರೆ ಸುಮ್ನೆ ಒಂದು ದಿನ ಹಾಳು. ನಾಪೋಕ್ಲು ಅಣ್ಣ, ನಿಮ್ಮ ಹುಡುಗಿಯದು ಎಷ್ಟು ಬಂದಿತ್ತು?

ನಾಪೋಕ್ಲು ತೋಟ

ವರದಿ ನೋಡಿ ಹೇಳುತ್ತಿದ್ದೇನೆ. ಪಿಬಿಜಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 68 ಮಿಲಿಗ್ರಾಂ. ಎಎಲ್‌ಎ ಅಂತ ಇನ್ನೊಂದು ಇದೆ, ಅದೂ ಜಾಸ್ತಿ.

ಲ್ಯಾಬ್ ಅಕ್ಕ

ಅನುಮಾನವೇ ಇಲ್ಲ ಹಾಗಾದರೆ. ಆರೋಗ್ಯವಂತರಲ್ಲಿ ಇಡೀ ದಿನದ ಮೂತ್ರದಲ್ಲೂ ಪಿಬಿಜಿ 4 ಮಿಲಿಗ್ರಾಂ ದಾಟಲ್ಲ. ನೋವಿನ ಸಮಯದಲ್ಲಿ ಇಷ್ಟು ಏರೋದು ಈ ಗುಂಪಿನ ಕಾಯಿಲೆಯಲ್ಲೇ.

ಸುಂಟಿಕೊಪ್ಪ ಮಾಮ

ನಾನು ಮೆಡಿಕಲ್ ಶಾಪಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಹೀಮ್ ಅಂದರೆ ಕಬ್ಬಿಣ ಇರುವ ಭಾಗ. ಅದು ತಯಾರಾಗಲು ಗ್ಲೈಸಿನ್ ಬೇಕು, ಕಬ್ಬಿಣ ಬೇಕು, ಬಿ6 ಬೇಕು. ತಯಾರಿ ಕಡಿಮೆ ಆದರೆ ರಕ್ತ ಕಡಿಮೆ ಆಗಲೇಬೇಕು. ಹಿಮೋಗ್ಲೋಬಿನ್ 12.8 ಇದ್ದರೂ ಒಳಗೆ ಕೊರತೆ ಇರುತ್ತೆ. ಐರನ್ ಟಾನಿಕ್, ಬಿ6 ಕೊಡಿ, ಹುಡುಗಿ ಚೇತರಿಸಿಕೊಳ್ಳುತ್ತಾಳೆ.

ಮಡಿಕೇರಿ ಮೇಷ್ಟ್ರು

ಮಾಮ, ನೀವು ಹೇಳಿದ ಸಾಮಾನುಗಳ ಪಟ್ಟಿ ಸರಿ. ಹೀಮ್‌ಗೆ ಕಬ್ಬಿಣ ಬೇಕು, ಮೊದಲ ಎನ್‌ಝೈಮ್‌ಗೆ ಬಿ6 ಬೇಕು. ಆದರೆ ಈ ಹುಡುಗಿಯ ಕಷ್ಟ ಸಾಮಾನು ಇಲ್ಲದ್ದರಿಂದ ಬಂದದ್ದಲ್ಲ. ನಾನು ಬಯೋಕೆಮಿಸ್ಟ್ರಿ ಪಾಠ ಮಾಡಿದವನು, ಈ ದಾರಿ ನನಗೆ ಬಹಳ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹೀಮ್ ತಯಾರಾಗಲು ಎಂಟು ಹೆಜ್ಜೆ. ಎಂಟಕ್ಕೂ ಒಂದೊಂದು ಎನ್‌ಝೈಮ್. ಎಲ್ಲವನ್ನೂ ನೆನಪಿಡಬೇಕಿಲ್ಲ. ಮೊದಲ ಹೆಜ್ಜೆಯಲ್ಲಿ ಗ್ಲೈಸಿನ್ ಮತ್ತು ಸಕ್ಸಿನೈಲ್ ಕೋ-ಎ ಸೇರಿ ಎಎಲ್‌ಎ ಆಗುತ್ತದೆ. ಎರಡನೆಯದರಲ್ಲಿ ಎರಡು ಎಎಲ್‌ಎ ಸೇರಿ ಒಂದು ಪಿಬಿಜಿ. ಮೂರನೆಯದರಲ್ಲಿ ನಾಲ್ಕು ಪಿಬಿಜಿಗಳು ಸಾಲಾಗಿ ಜೋಡಣೆಯಾಗಿ ಒಂದು ಉದ್ದ ಸರಪಳಿ. ನಾಲ್ಕನೆಯದರಲ್ಲಿ ಆ ಸರಪಳಿಯ ಎರಡು ತುದಿ ಕೂಡಿ ಉಂಗುರವಾಗುತ್ತದೆ. ಅಲ್ಲಿಂದ ಮುಂದೆ ಉಂಗುರದ ಅಂಚುಗಳನ್ನು ಕತ್ತರಿಸಿ ತಿದ್ದುವ ಕೆಲಸ. ಎಂಟನೆಯದರಲ್ಲಿ ನಡುವೆ ಕಬ್ಬಿಣ ಕೂರಿಸಿದರೆ ಹೀಮ್. ಲೆಕ್ಕ ಹಾಕಿ: ಒಂದು ಹೀಮ್‌ಗೆ ಎಂಟು ಗ್ಲೈಸಿನ್ ಖರ್ಚು.

ಈ ಹುಡುಗಿಯಲ್ಲಿ ಅರ್ಧ ಇರುವುದು ಮೂರನೇ ಎನ್‌ಝೈಮ್. ಅದರ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದೆ, ಒಂದು ಸರಿ ಇದೆ. ಹಾಗಾಗಿ ಅರ್ಧ ಕೆಲಸ.

ಈಗ ನಿಮ್ಮ ಹಿಮೋಗ್ಲೋಬಿನ್ ಪ್ರಶ್ನೆ. ದೇಹದ ಹೀಮ್‌ನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮೂಳೆಯ ಮಜ್ಜೆಯಲ್ಲಿ ತಯಾರಾಗುತ್ತದೆ, ಅದು ರಕ್ತಕ್ಕೆ. ಉಳಿದದ್ದರಲ್ಲಿ ಹೆಚ್ಚಿನದು ಲಿವರ್‌ನಲ್ಲಿ. ಲಿವರ್ ಆ ಹೀಮನ್ನು ಸೈಟೋಕ್ರೋಮ್ ಪಿ450 ಎಂಬ ಎನ್‌ಝೈಮ್‌ಗಳಿಗೆ ಹಾಕುತ್ತದೆ. ನಾವು ನುಂಗುವ ಎಷ್ಟೋ ಔಷಧಿಗಳನ್ನು ಒಡೆಯುವುದು ಅವೇ. ಎರಡೂ ಜಾಗದಲ್ಲಿ ಮೊದಲ ಹೆಜ್ಜೆಯ ಎನ್‌ಝೈಮ್ ಬೇರೆ ಬೇರೆ. ಮಜ್ಜೆಯದನ್ನು ಮುಖ್ಯವಾಗಿ ಕಬ್ಬಿಣದ ಲಭ್ಯತೆ ನಡೆಸುತ್ತದೆ. ಲಿವರ್‌ನದನ್ನು ಹೀಮ್ ತಾನೇ ನಡೆಸುತ್ತದೆ: ಹೀಮ್ ಸಾಕಷ್ಟಿದ್ದರೆ ಮೊದಲ ಹೆಜ್ಜೆ ಬಿಗಿ, ಕಡಿಮೆಯಾದರೆ ಸಡಿಲ. ಮಜ್ಜೆಯಲ್ಲಿ ಮೂರನೇ ಎನ್‌ಝೈಮ್ ಅರ್ಧ ಇದ್ದರೂ ರಕ್ತಕ್ಕೆ ಸಾಲುತ್ತದೆ. ಅದಕ್ಕೇ 12.8. ಕಷ್ಟ ನಡೆದದ್ದು ಲಿವರ್‌ನಲ್ಲಿ.

ತೋಟದವರಿಗೆ ತೋಟದ ಮಾತಲ್ಲೇ ಹೇಳುತ್ತೇನೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಿಮ್ಮ ಪಲ್ಪರ್ ಅರ್ಧ ವೇಗದಲ್ಲಿ ಓಡುತ್ತಿದೆ ಅಂದುಕೊಳ್ಳಿ. ದಿನಕ್ಕೆ ಬರುವ ಹಣ್ಣು ಕಡಿಮೆ ಇದ್ದಾಗ ಯಾರಿಗೂ ಗೊತ್ತೇ ಆಗಲ್ಲ, ಸಂಜೆ ಒಳಗೆ ಎಲ್ಲ ಮುಗಿದಿರುತ್ತದೆ. ಒಂದು ದಿನ ಸುಲಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಜಾಸ್ತಿ ಬೇಕು ಅಂತ ಬೇಡಿಕೆ ಬಂತು. ಕಣದಲ್ಲಿ ಕಡಿಮೆ ಕಂಡಿತು. ಯಜಮಾನರು ಪಲ್ಪರ್ ನೋಡಲಿಲ್ಲ, ಇನ್ನೂ ಹತ್ತು ಆಳು ಬಿಟ್ಟು ಹಣ್ಣು ಕುಯ್ಯಿಸಿದರು. ಕಣಕ್ಕೆ ಅಷ್ಟೇ ಬಂತು, ಪಲ್ಪರ್ ಮುಂದೆ ಮಾತ್ರ ಹಣ್ಣು ರಾಶಿ ಬಿದ್ದು ಕೊಳೆಯತೊಡಗಿತು. ಇನ್ನೂ ಕಡಿಮೆ ಅಂತ ಇನ್ನೂ ಆಳು.

ಅಕ್ಯೂಟ್ ಇಂಟರ್ಮಿಟೆಂಟ್ ಪೋರ್ಫೈರಿಯಾದ ಆಕ್ರಮಣ ಅಂದರೆ ಇದು. ರಾಶಿ ಬೀಳುವುದು ಎಎಲ್‌ಎ ಮತ್ತು ಪಿಬಿಜಿ, ಮೂರನೇ ಹೆಜ್ಜೆಗೆ ಮೊದಲಿನವು. ಅವೇ ರಕ್ತಕ್ಕೆ ಹರಿದು ಮೂತ್ರದಲ್ಲಿ 68 ಅಂತ ಕಂಡವು. ನಿಮ್ಮ ಅಣ್ಣನಿಗೂ ಅರ್ಧವೇ ಇದೆ, ಆದರೆ ಅವರ ಲಿವರ್‌ನಲ್ಲಿ ಮೊದಲ ಹೆಜ್ಜೆ ಯಾವತ್ತೂ ಅಷ್ಟು ಸಡಿಲವಾಗಿಲ್ಲ.

ನಾಪೋಕ್ಲು ತೋಟ

ಮೇಷ್ಟ್ರೇ, ಈಗ ಅರ್ಥವಾಗುತ್ತಿದೆ. ಹಾಗಾದರೆ ಇವಳಲ್ಲಿ ಆ ಬೇಡಿಕೆ ಎಬ್ಬಿಸಿದ್ದು ಏನು? ಅನ್ನ ಬಿಟ್ಟದ್ದಾ? ಔಷಧಿಯಾ?

ಮಡಿಕೇರಿ ಮೇಷ್ಟ್ರು

ಎರಡೂ, ಜೊತೆಗೆ ಮುಟ್ಟಿನ ಮುಂಚಿನ ಹಾರ್ಮೋನ್. ಒಂದೊಂದಾಗಿ ನೋಡೋಣ.

ಊಟ ಬಿಟ್ಟಾಗ ಲಿವರ್ ತಾನೇ ಸಕ್ಕರೆ ತಯಾರಿಸಲು ಶುರು ಮಾಡುತ್ತದೆ. ಅದಕ್ಕೆ ಹೊರಡುವ ಸಂಕೇತಗಳಲ್ಲಿ ಪಿಜಿಸಿ-1 ಆಲ್ಫಾ ಎಂಬ ಒಂದು ಪ್ರೋಟೀನ್ ಇದೆ. ಅದು ಹೀಮ್ ದಾರಿಯ ಮೊದಲ ಎನ್‌ಝೈಮನ್ನೂ ಜೊತೆಯಲ್ಲೇ ಎಬ್ಬಿಸುತ್ತದೆ. ಅಂದರೆ ಉಪವಾಸ ಮಾಡಿದರೆ ಎಲ್ಲರ ಲಿವರ್‌ನಲ್ಲೂ ಎಎಲ್‌ಎ ತಯಾರಿ ಸ್ವಲ್ಪ ಏರುತ್ತದೆ. ನಮಗೆ ಏನೂ ಆಗಲ್ಲ, ನಮ್ಮ ಮೂರನೇ ಹೆಜ್ಜೆ ಪೂರ್ತಿ ಇದೆ.

ಮುಟ್ಟಿನ ಮುಂಚಿನ ದಿನಗಳಲ್ಲಿ ಪ್ರೊಜೆಸ್ಟೆರಾನ್ ಏರಿರುತ್ತದೆ. ಅದೂ ಮೊದಲ ಹೆಜ್ಜೆಯನ್ನು ಎಬ್ಬಿಸುತ್ತದೆ. ಈ ಕಾಯಿಲೆ ಮೈ ನೆರೆಯುವ ಮೊದಲು ಕಾಣಿಸಿಕೊಳ್ಳುವುದು ತೀರಾ ಅಪರೂಪ, ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಅದಕ್ಕೆ ಇದು ಒಂದು ಕಾರಣ.

ಆಮೇಲೆ ಫೆನಿಟೊಯಿನ್. ಇದು ಲಿವರ್‌ಗೆ ಹೋಗಿ ಪಿ450 ಎನ್‌ಝೈಮ್‌ಗಳನ್ನು ಇನ್ನಷ್ಟು ತಯಾರಿಸು ಅಂತ ಹೇಳುವ ಔಷಧಿ. ಪ್ರತಿ ಹೊಸ ಪಿ450ಗೆ ಒಂದು ಹೀಮ್ ಬೇಕು. ಇದ್ದ ಹೀಮ್ ಅದಕ್ಕೆ ಖರ್ಚಾಯಿತು, ಬಿಗಿ ಹಿಡಿಯುವ ಹೀಮ್ ಉಳಿಯಲಿಲ್ಲ, ಮೊದಲ ಹೆಜ್ಜೆ ಪೂರ್ತಿ ಸಡಿಲ. ಫಿಟ್ಸ್ ನಿಲ್ಲಿಸಲು ಕೊಟ್ಟ ಔಷಧಿ ಕಾಯಿಲೆಗೇ ತುಪ್ಪ ಸುರಿಯಿತು. ಫೀನೋಬಾರ್ಬಿಟಾಲ್, ಕಾರ್ಬಮಜೆಪಿನ್, ಟಿಬಿಗೆ ಕೊಡುವ ರಿಫಾಂಪಿಸಿನ್, ಇವೂ ಇದೇ ಕೆಲಸ ಮಾಡುತ್ತವೆ. ಸಲ್ಫಾ ಮಾತ್ರೆಗಳಿಂದಲೂ ದೂರ ಇರಬೇಕು. ಫಿಟ್ಸ್‌ಗೇ ಕೊಡುವ ಲೆವೆಟಿರಾಸೆಟಮ್ ಪಿ450ಗಳನ್ನು ಹಾಗೆ ಕೆರಳಿಸಲ್ಲ, ಬಹುಶಃ ಮೈಸೂರಿನಲ್ಲಿ ಬದಲಿಸಿದ್ದು ಅದಕ್ಕೇ.

ಹೊಟ್ಟೆನೋವಿನಿಂದ ಊಟ ನಿಂತಿತು, ವಾಂತಿ ಆಯಿತು, ಉಪವಾಸ ಇನ್ನೂ ಗಟ್ಟಿಯಾಯಿತು ಅನ್ನುವುದನ್ನೂ ಮರೆಯಬೇಡಿ. ಕಾಯಿಲೆ ತನಗೆ ತಾನೇ ದಾರಿ ಮಾಡಿಕೊಡುತ್ತದೆ.

ಪೊನ್ನಂಪೇಟೆ ಅಮ್ಮ

ನಾನು ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಯಜಮಾನರಿಗೂ ಪೋರ್ಫೈರಿಯಾ ಅಂತಲೇ ಬರೆದಿದ್ದಾರೆ, ಆದರೆ ಹೊಟ್ಟೆನೋವು ಇಲ್ಲವೇ ಇಲ್ಲ. ಕೈ ಹಿಂಭಾಗದಲ್ಲಿ ಬೊಬ್ಬೆ. ಕಣದಲ್ಲಿ ಕಾಫಿ ಕೆದಕುವಾಗ ಸ್ವಲ್ಪ ತಾಗಿದರೂ ಚರ್ಮ ಸುಲಿದು ಬರುತ್ತೆ, ಮಾಗಿದ ಮೇಲೆ ಬಿಳಿ ಕಲೆ. ಕೆನ್ನೆಯ ಮೇಲೆ ಕೂದಲು ಬೇರೆ ಬೆಳೆದಿದೆ. ಅವರಿಗೆ ಕುಡಿಯುವ ಅಭ್ಯಾಸ ಇತ್ತು. ಡಾಕ್ಟರು ರಕ್ತ ತೆಗೆಯಬೇಕು ಅಂತಾರೆ. ಪರೀಕ್ಷೆಗೆ ಅಲ್ಲ, ಬಾಟಲಿಗಟ್ಟಲೆ. ನನಗೆ ಹೆದರಿಕೆ. ಇವರೂ ಅನ್ನ ಬಿಡಬಾರದಾ? ಇವರಿಗೂ ಫಿಟ್ಸ್ ಬರುತ್ತಾ?

ಮಡಿಕೇರಿ ಮೇಷ್ಟ್ರು

ಅಮ್ಮ, ಹೆದರಬೇಡಿ. ಹೆಸರು ಒಂದೇ, ದಾರಿಯೂ ಒಂದೇ, ನಿಂತ ಜಾಗ ಬೇರೆ. ನೀವು ಹೇಳಿದ್ದು ಕೇಳಿದರೆ ಪೋರ್ಫೈರಿಯಾ ಕ್ಯುಟೇನಿಯಾ ಟಾರ್ಡಾ ಇದ್ದ ಹಾಗಿದೆ. ವರದಿ ನೋಡಿ ಡಾಕ್ಟರೇ ಹೇಳಬೇಕು. ಅದರಲ್ಲಿ ಸೋತಿರುವುದು ಐದನೇ ಎನ್‌ಝೈಮ್.

ನಾಲ್ಕನೇ ಹೆಜ್ಜೆಯಲ್ಲಿ ಉಂಗುರ ಕೂಡುತ್ತದೆ ಅಂದೆನಲ್ಲ, ವ್ಯತ್ಯಾಸ ಎಲ್ಲ ಅಲ್ಲಿದೆ. ಉಂಗುರಕ್ಕೆ ಮೊದಲು ರಾಶಿ ಬಿದ್ದರೆ ಅವು ಚಿಕ್ಕ, ಬಣ್ಣವಿಲ್ಲದ ಅಣುಗಳು. ಬಿಸಿಲಿಗೆ ಅವು ಏನೂ ಮಾಡಲ್ಲ. ಆ ಕಾಯಿಲೆ ನರಗಳ ಮೇಲೆ ಬೀಳುತ್ತದೆ. ನಾಪೋಕ್ಲು ಹುಡುಗಿಯ ಚರ್ಮಕ್ಕೆ ಬಿಸಿಲಿನಿಂದ ಏನೂ ಆಗಲ್ಲ. ಉಂಗುರವಾದ ಮೇಲೆ ರಾಶಿ ಬಿದ್ದರೆ ಅವು ಪೋರ್ಫಿರಿನ್‌ಗಳು. ಸುಮಾರು 400 ನ್ಯಾನೋಮೀಟರಿನ ನೇರಳೆ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಚರ್ಮದಲ್ಲಿ ಕೂತು ಬಿಸಿಲು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತವೆ. ಅದು ಚರ್ಮವನ್ನು ಸುಡುತ್ತದೆ. ನಿಮ್ಮವರಿಗೆ ಬಿಸಿಲು ಬೀಳುವ ಕೈ, ಮುಖದಲ್ಲೇ ತೊಂದರೆ ಇರುವುದು ಅದಕ್ಕೆ.

ರಕ್ತ ತೆಗೆಯುವುದು ಯಾಕೆ ಅಂದರೆ, ಆ ಐದನೇ ಎನ್‌ಝೈಮನ್ನು ಲಿವರ್‌ನಲ್ಲಿ ಕೆಡಿಸುವುದರಲ್ಲಿ ಕಬ್ಬಿಣದ ಪಾತ್ರ ದೊಡ್ಡದು. ಮದ್ಯ, ಹೆಪಟೈಟಿಸ್ ಸಿ ಅದಕ್ಕೆ ಜೊತೆ. ರಕ್ತ ತೆಗೆದರೆ ಮಜ್ಜೆ ಹೊಸ ರಕ್ತಕ್ಕೆ ಲಿವರ್‌ನಲ್ಲಿ ಕೂಡಿಟ್ಟ ಕಬ್ಬಿಣ ಬಳಸುತ್ತದೆ, ಲಿವರ್ ಹಗುರಾಗುತ್ತದೆ. ರಕ್ತ ತೆಗೆಯಲು ಆಗದವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ವಾರಕ್ಕೆ ಎರಡು ಸಲ, ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಫಿಟ್ಸ್, ಕೈಕಾಲು ಸೋಲುವುದು ಈ ಬಗೆಯಲ್ಲಿ ಬರಲ್ಲ. ಹೆಪಟೈಟಿಸ್ ಸಿ ಪರೀಕ್ಷೆ ಆಗಿದೆಯಾ ಕೇಳಿ. ಮದ್ಯ ಪೂರ್ತಿ ನಿಲ್ಲಬೇಕು.

ಸುಂಟಿಕೊಪ್ಪ ಮಾಮ, ಇಲ್ಲಿ ನೋಡಿ. ಈ ಮನೆಯಲ್ಲಿ ಐರನ್ ಟಾನಿಕ್ ಕೊಟ್ಟರೆ ಬೊಬ್ಬೆ ಜಾಸ್ತಿ ಆಗುತ್ತದೆ.

ಸುಂಟಿಕೊಪ್ಪ ಮಾಮ

ಸರಿ ಮೇಷ್ಟ್ರೇ. ಟಾನಿಕ್ ಮಾತು ವಾಪಸ್. ಆದರೆ ಒಂದು ಅನುಮಾನ. ಸೀಸದ ವಿಷ ಏರಿದವರಿಗೂ ಹೀಗೇ ಹೊಟ್ಟೆನೋವು, ಮಲಬದ್ಧತೆ, ಕೈ ಸೋಲೋದು ಎಲ್ಲ ಬರುತ್ತೆ. ಬ್ಯಾಟರಿ ಕೆಲಸದ ಹುಡುಗನೊಬ್ಬನಿಗೆ ಆಗಿದ್ದನ್ನು ನೋಡಿದ್ದೇನೆ. ಅದೂ ಇದೇ ದಾರಿಯಾ?

ಮಡಿಕೇರಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ ಮಾಮ. ಹೌದು. ಎರಡನೇ ಎನ್‌ಝೈಮ್‌ಗೆ ಸತು ಬೇಕು. ಸೀಸ ಆ ಸತುವನ್ನು ತಳ್ಳಿ ತಾನು ಕೂರುತ್ತದೆ. ಹಾಗಾಗಿ ಎಎಲ್‌ಎ ರಾಶಿ ಬೀಳುತ್ತದೆ, ಪಿಬಿಜಿ ಅಷ್ಟಾಗಿ ಏರಲ್ಲ. ಎಂಟನೇ ಹೆಜ್ಜೆಗೂ ಸೀಸ ಅಡ್ಡಿ ಮಾಡುತ್ತದೆ, ಅದಕ್ಕೇ ರಕ್ತಹೀನತೆ ಬರುತ್ತದೆ. ನಾಪೋಕ್ಲು ಹುಡುಗಿಯದು ಪಿಬಿಜಿ 68, ಆದ್ದರಿಂದ ಸೀಸ ಅಲ್ಲ.

ಫಾರ್ಮಾ ಓದ್ತಿರೋಳು

ಸರ್, ನಾನು ಮಂಗಳೂರಿನಲ್ಲಿ ಫಾರ್ಮಕಾಲಜಿ ಓದುತ್ತಿದ್ದೇನೆ, ಊರು ಕುಶಾಲನಗರ. ಒಂದು ಮಾತಿಗೆ ನನಗೆ ಒಪ್ಪಿಗೆ ಇಲ್ಲ. ರಾಶಿ ಬಿದ್ದದ್ದೇ ನೋವಿಗೆ ಕಾರಣ ಅಂತ ಹೇಳಿದ ಹಾಗಿದೆ. ನರಕೋಶದ ಒಳಗೇ ಹೀಮ್ ಕೊರತೆ ಆಗಿರಬಹುದಲ್ವಾ? ಅಲ್ಲಿಯ ಮೈಟೊಕಾಂಡ್ರಿಯಾಕ್ಕೂ ಹೀಮ್ ಬೇಕು. ಹೀಮಿನ್ ಅಂದರೆ ತಯಾರಾದ ಹೀಮೇ, ಅದನ್ನು ಕೊಟ್ಟರೆ ಗುಣ ಆಗುತ್ತೆ ಅಂದರೆ ಕೊರತೆ ತುಂಬಿತು ಅಂತಲೂ ಹೇಳಬಹುದು.

ಮಡಿಕೇರಿ ಮೇಷ್ಟ್ರು

ಹೀಮಿನ್ ಒಂದನ್ನೇ ನೋಡಿದರೆ ನೀವು ಹೇಳಿದಂತೆಯೂ ಹೇಳಬಹುದಮ್ಮ. ಅದು ಕೊರತೆಯನ್ನೂ ತುಂಬುತ್ತದೆ, ಲಿವರ್‌ಗೆ ಹೋಗಿ ಮೊದಲ ಹೆಜ್ಜೆಯನ್ನೂ ಬಿಗಿ ಮಾಡುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಸಾಕ್ಷಿ ಬೇರೆ ಕಡೆ ಇದೆ.

ಒಂದು, ಲಿವರ್ ಕಸಿ. ಪದೇ ಪದೇ ಆಕ್ರಮಣ ಆಗುತ್ತಿದ್ದವರಿಗೆ ಲಿವರ್ ಬದಲಿಸಿದರೆ ಆಕ್ರಮಣ ನಿಲ್ಲುತ್ತದೆ. ನರಗಳ ಜೀನ್ ಹಾಗೇ ಇದೆ, ಅರ್ಧವೇ. ಬದಲಾದದ್ದು ಲಿವರ್ ಮಾತ್ರ. ಇದರ ಉಲ್ಟಾ ಕೂಡ ನಡೆದಿದೆ. ಅವರಿಂದ ತೆಗೆದ ಲಿವರನ್ನು, ಬೇರೆ ದಾರಿ ಇಲ್ಲದ ಇನ್ನೊಬ್ಬ ರೋಗಿಗೆ ಕಸಿ ಮಾಡಿದ ಸಂದರ್ಭಗಳಿವೆ. ಪಡೆದವರ ನರಗಳು ಪೂರ್ತಿ ಸರಿ ಇದ್ದವು. ಆದರೂ ಅವರಿಗೆ ಪೋರ್ಫೈರಿಯಾದ ಆಕ್ರಮಣ ಬಂತು. ಲಿವರ್‌ನಿಂದ ಹೊರಗೆ ಹರಿದು ಬರುವುದೇನೋ ನರಗಳನ್ನು ಕಾಡುತ್ತಿದೆ ಅನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಾಣಲಿಲ್ಲ.

ಎರಡು, ಗಿವೋಸಿರಾನ್. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಔಷಧಿ. ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್. ಲಿವರ್‌ನಲ್ಲಿ ಮೊದಲ ಎನ್‌ಝೈಮ್‌ನ ಆರ್‌ಎನ್‌ಎಯನ್ನು ಒಡೆದು ಹಾಕುತ್ತದೆ. ಇದು ಒಂದು ಅಣು ಹೀಮ್ ಕೂಡ ಕೊಡಲ್ಲ. ಆದರೂ ಎಎಲ್‌ಎ, ಪಿಬಿಜಿ ಇಳಿಯುತ್ತವೆ, ಆಕ್ರಮಣ ಬಹಳ ಕಡಿಮೆಯಾಗುತ್ತದೆ. ಎರಡರಲ್ಲಿ ನನ್ನ ಅನುಮಾನ ಎಎಲ್‌ಎ ಮೇಲೆ. ಮಾಮ ಹೇಳಿದ ಸೀಸದ ಕೇಸಿನಲ್ಲಿ ಪಿಬಿಜಿ ಏರದೆಯೇ ಅದೇ ನೋವು ಬರುತ್ತದೆಯಲ್ಲ.

ಫಾರ್ಮಾ ಓದ್ತಿರೋಳು

ಕಸಿಯ ವಿಷಯ ಗೊತ್ತಿರಲಿಲ್ಲ ಸರ್, ಅದು ಬಲವಾದ ಮಾತು. ಆದರೂ ಎಎಲ್‌ಎ ಸದಾ ಏರಿದ್ದರೂ ನೋವಿಲ್ಲದೆ ಓಡಾಡುವವರು ಇದ್ದಾರೆ. ಬರೀ ಎಎಲ್‌ಎ ಸಾಕಾಗಿದ್ದರೆ ಅವರಿಗೂ ಆಕ್ರಮಣ ಆಗಬೇಕಿತ್ತು. ಕೊರತೆಯ ವಾದವನ್ನು ನಾನು ಪೂರ್ತಿ ಬಿಡಲ್ಲ.

ಮಡಿಕೇರಿ ಮೇಷ್ಟ್ರು

ಬಿಡಬೇಡಿ. ಎಎಲ್‌ಎ ನರಕ್ಕೆ ಹೇಗೆ ನೋವು ಕೊಡುತ್ತದೆ ಅನ್ನುವುದಕ್ಕೆ ಕೊನೆಯ ಉತ್ತರ ಇನ್ನೂ ಸಿಕ್ಕಿಲ್ಲ. ಅದರ ಆಕಾರ ಗಾಬಾ ಎಂಬ ನರಸಂದೇಶಕಕ್ಕೆ ಹತ್ತಿರ, ಅಲ್ಲಿ ಗೊಂದಲ ಮಾಡುತ್ತದೆ ಅನ್ನುವವರಿದ್ದಾರೆ. ಹೊಟ್ಟೆ ಒತ್ತಿದರೆ ಮೆತ್ತಗಿದ್ದದ್ದು, ನಾಡಿ, ಬಿಪಿ ಏರಿದ್ದು, ಕರುಳು ನಿಂತದ್ದು, ಇವೆಲ್ಲ ಹೊಟ್ಟೆಯ ನರಗಳ ತೊಂದರೆ, ಹೊಟ್ಟೆಯ ಒಳಗಿನ ಉರಿಯೂತ ಅಲ್ಲ ಅನ್ನುವಷ್ಟು ಮಾತ್ರ ಖಚಿತ. ಹುಡುಗಿಯ ಅಪೆಂಡಿಕ್ಸ್ ಹೋದದ್ದು ಈ ವ್ಯತ್ಯಾಸ ಯಾರೂ ಹಿಡಿಯದೆ.

ವಾರ್ಡ್ ಸಿಸ್ಟರ್

ಗ್ಲೂಕೋಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಈ ಕಾಯಿಲೆಗೆ ಗ್ಲೂಕೋಸ್ ಅಂತ ಗೊತ್ತಾದ ಮೇಲೆ ಬರೀ ನೀರಿನ ಡೆಕ್ಸ್‌ಟ್ರೋಸ್ ಬಾಟಲಿಗಳನ್ನು ಒಂದರ ಮೇಲೊಂದು ಹಾಕುವುದನ್ನು ನೋಡಿದ್ದೇನೆ. ಈ ಹುಡುಗಿಯ ಸೋಡಿಯಂ 121. ಅಷ್ಟು ನೀರು ಹೋದರೆ ಇನ್ನೂ ಇಳಿದು ಮತ್ತೆ ಫಿಟ್ಸ್ ಬರುತ್ತೆ. ಗ್ಲೂಕೋಸ್ ಬೇಕು, ಆದರೆ ಸೆಲೈನ್ ಜೊತೆ, ಸೋಡಿಯಂ ನೋಡಿಕೊಂಡು. ದಿನಕ್ಕೆ ಕನಿಷ್ಠ 300 ಗ್ರಾಂ ಅಂತ ನಮಗೆ ಹೇಳಿಕೊಟ್ಟಿದ್ದರು. ಬಾಯಿಂದ ಹೋಗುತ್ತಿದ್ದರೆ ಗಂಜಿಯೂ ಅದೇ ಕೆಲಸ ಮಾಡುತ್ತೆ. ಜೋರಾದ ಆಕ್ರಮಣಕ್ಕೆ ಗ್ಲೂಕೋಸ್ ಒಂದೇ ಸಾಲಲ್ಲ, ಹೀಮಿನ್ ಬರುವವರೆಗೆ ತಡೆ ಅಷ್ಟೇ. ಹೀಮಿನ್ ಕೈಯ ಸಣ್ಣ ರಕ್ತನಾಳದಲ್ಲಿ ಹಾಕಿದರೆ ಆ ನಾಳ ಊದಿಕೊಂಡು ಹಾಳಾಗುತ್ತೆ, ದೊಡ್ಡ ರಕ್ತನಾಳದಲ್ಲೇ ಕೊಡಿಸಿ.

ಗೋಣಿಕೊಪ್ಪ ರೈಡರ್

ಹಾಗಾದರೆ ಸುಮ್ನೆ ದಿನಾ ಸಕ್ಕರೆ ಜಾಸ್ತಿ ತಿಂದುಕೊಂಡಿದ್ದರೆ ಆಕ್ರಮಣವೇ ಬರಲ್ಲ ಅಲ್ವಾ?

ವಾರ್ಡ್ ಸಿಸ್ಟರ್

ಹಾಗಲ್ಲ. ಹೊತ್ತು ಹೊತ್ತಿಗೆ ಮಾಮೂಲಿ ಊಟ, ಊಟ ಬಿಡದೇ ಇರುವುದು, ಅಷ್ಟು ಸಾಕು. ಸಕ್ಕರೆ ಸುರಿದುಕೊಂಡರೆ ತೂಕ ಏರುತ್ತೆ, ಆಮೇಲೆ ಮತ್ತೆ ಡಯಟ್ ಅಂತ ಶುರುವಾಗುತ್ತೆ. ಅದೇ ಅಪಾಯ.

ನಾಪೋಕ್ಲು ತೋಟ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇನ್ನೊಂದು ಚಿಂತೆ ಇದೆ. ಅವಳ ತಮ್ಮನಿಗೆ 19. ಅವನಿಗೆ ಏನೂ ತೊಂದರೆ ಇಲ್ಲ. ಪಿಬಿಜಿ ಮಾಡಿಸಿದೆವು, ನಾರ್ಮಲ್ ಬಂತು. ಇನ್ನು ಅವನ ಬಗ್ಗೆ ನಿಶ್ಚಿಂತೆಯಾ? ರಕ್ತದಲ್ಲಿ ಎನ್‌ಝೈಮ್ ನೋಡುವ ಪರೀಕ್ಷೆಯೂ ಇದೆ ಅಂತ ಯಾರೋ ಹೇಳಿದರು.

ಲ್ಯಾಬ್ ಅಕ್ಕ

ಇಲ್ಲ ಅಣ್ಣ. ನೋವಿನ ಹೊತ್ತಲ್ಲಿ ಪಿಬಿಜಿ ನಾರ್ಮಲ್ ಬಂದರೆ ಆ ನೋವು ಇದರಿಂದಲ್ಲ ಅಂತ ಹೇಳಬಹುದು. ಆರಾಮಾಗಿರುವವನ ಪಿಬಿಜಿ ನಾರ್ಮಲ್ ಇದ್ದರೆ ಅವನಲ್ಲಿ ಆ ಜೀನ್ ಇಲ್ಲ ಅಂತ ಹೇಳಲು ಬರಲ್ಲ. ನಿಮ್ಮ ಅಣ್ಣನದೂ ಬಹುಶಃ ನಾರ್ಮಲ್ಲೇ ಬರಬಹುದು.

ರಕ್ತದ ಎನ್‌ಝೈಮ್ ಪರೀಕ್ಷೆ ಕೆಂಪು ಕಣದಲ್ಲಿ ನೋಡೋದು. ಅರ್ಧ ಇದ್ದವರದ್ದೂ ಪೂರ್ತಿ ಇದ್ದವರದ್ದೂ ಅಂಕಿಗಳು ಮಧ್ಯದಲ್ಲಿ ಬೆರೆತುಹೋಗುತ್ತವೆ. ಇನ್ನು ಕೆಲವು ಮನೆತನಗಳಲ್ಲಿ ಲಿವರ್‌ನಲ್ಲಿ ಅರ್ಧ, ಕೆಂಪು ಕಣದಲ್ಲಿ ಮಾತ್ರ ಪೂರ್ತಿ ಇರುತ್ತೆ. ಅಕ್ಕನ ಜೀನಿನಲ್ಲಿ ಯಾವ ತಪ್ಪು ಇದೆ ಅಂತ ಒಂದು ಸಲ ಗೊತ್ತಾದರೆ ತಮ್ಮನಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಇದೆ ಅಥವಾ ಇಲ್ಲ, ಸ್ಪಷ್ಟ ಉತ್ತರ.

ಮಡಿಕೇರಿ ಮೇಷ್ಟ್ರು

ಲ್ಯಾಬ್ ಅಕ್ಕ ಹೇಳಿದ್ದು ಸರಿ. ತಮ್ಮನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೂ ಆಕ್ರಮಣ ಆಗಲೇಬೇಕು ಅಂತಿಲ್ಲ. ಯುರೋಪ್ ಮೂಲದವರ ಜೀನ್ ಹುಡುಕಿದಾಗ ಸುಮಾರು 1,500ರಿಂದ 2,000 ಜನರಿಗೆ ಒಬ್ಬರಲ್ಲಿ ಈ ತಪ್ಪು ಸಿಕ್ಕಿತು. ಅವರಲ್ಲಿ ನೂರಕ್ಕೆ ಒಬ್ಬರಿಗೂ ಸರಿಯಾಗಿ ಕಾಯಿಲೆ ಕಾಣಿಸಿಕೊಳ್ಳಲ್ಲ. ಈಗಾಗಲೇ ಒಬ್ಬರಿಗೆ ಕಾಯಿಲೆ ಬಂದ ಮನೆಯಲ್ಲಿ ಈ ಪ್ರಮಾಣ ಅದಕ್ಕಿಂತ ಜಾಸ್ತಿ. ಅಂದರೆ ಅರ್ಧ ಎನ್‌ಝೈಮ್ ಜೊತೆಗೆ ಬೇರೆ ಏನೋ ಕೂಡ ಮನೆತನದಲ್ಲಿ ಹರಿಯುತ್ತಿರಬೇಕು. ಅದೇನು ಅನ್ನುವುದು ತಿಳಿದಿಲ್ಲ.

ಫಾರ್ಮಾ ಓದ್ತಿರೋಳು

ಔಷಧಿಗೆ ಒಂದು ಉಪಯೋಗದ ಜಾಗ: drugs-porphyria.org. ಔಷಧಿಯ ಹೆಸರು ಹಾಕಿದರೆ ಎಷ್ಟು ಸುರಕ್ಷಿತ ಅಂತ ತೋರಿಸುತ್ತೆ. ಬ್ರ್ಯಾಂಡ್ ಹೆಸರಲ್ಲ, ಒಳಗಿನ ಔಷಧಿಯ ಹೆಸರು ಹಾಕಿ. ಗರ್ಭನಿರೋಧಕ ಮಾತ್ರೆ, ಮುಟ್ಟು ಮುಂದೂಡುವ ಮಾತ್ರೆ ಎರಡರಲ್ಲೂ ಪ್ರೊಜೆಸ್ಟೆರಾನ್ ತರಹದ್ದೇ ಇರುತ್ತೆ. ಮದುವೆ, ಪೂಜೆ ಅಂತ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ನಮ್ಮ ಹುಡುಗಿಯರಲ್ಲಿ ಇದೆ. ಅವಳಿಗೆ ಇದನ್ನು ಖಂಡಿತ ಹೇಳಿ.

ನಾಪೋಕ್ಲು ತೋಟ

ಅವಳು ಮದುವೆಗೆ ಮೊದಲು ಆ ಮಾತ್ರೆ ತಗೊಂಡಿದ್ದಳಾ ಅಂತ ನಾವು ಯಾರೂ ಕೇಳಿಯೇ ಇಲ್ಲ. ಈಗ ಕೇಳುತ್ತೇನೆ.

ನಾಪೋಕ್ಲು ತೋಟ

ಕೇಳಿದೆ. ತಗೊಂಡಿದ್ದಳಂತೆ, ನಾಲ್ಕು ದಿನ. ನಿಲ್ಲಿಸಿದ ಮೇಲೆ ನೋವು ಬಂತು, ಹಾಗಾಗಿ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದಳು. ಮೇಷ್ಟ್ರೇ, ನಿಲ್ಲಿಸಿದ ಮೇಲೂ ಹೀಗಾಗುತ್ತಾ?

ಮಡಿಕೇರಿ ಮೇಷ್ಟ್ರು

ಆಗುತ್ತದೆ. ಮೊದಲ ಹೆಜ್ಜೆ ಸಡಿಲವಾಗಲು, ಎಎಲ್‌ಎ ರಾಶಿ ಬೀಳಲು, ನರಕ್ಕೆ ತಟ್ಟಲು ದಿನಗಳು ಹಿಡಿಯುತ್ತವೆ. ಅವಳಲ್ಲಿ ಉಪವಾಸ ಬೇರೆ ಅದೇ ಹೊತ್ತಿಗೆ ನಡೆದಿತ್ತು, ಯಾವುದರ ಪಾಲು ಎಷ್ಟು ಅಂತ ಬೇರ್ಪಡಿಸಲು ಆಗಲ್ಲ. ಮಾತ್ರೆಯ ಪಟ್ಟಿ ಇದ್ದರೆ ಮುಂದಿನ ಸಲ ಮೈಸೂರಿಗೆ ಹೋಗುವಾಗ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ ಕೇಸ್ ಶೀಟಿನಲ್ಲಿ ಬರೆಸಿ. ತಮ್ಮನ ಜೀನ್ ವರದಿ ಬರುವವರೆಗೆ ಅವನಿಗೂ ಯಾವ ಔಷಧಿ ಬರೆದರೂ ಅಕ್ಕನ ಕಾಯಿಲೆಯ ಹೆಸರು ಮೊದಲು ಹೇಳಲಿ.